ಬಿದ್ದದ್ದು ಕುರ್ಚಿ ಮಾತ್ರ

“ನಾನು ಬಿದ್ದೆ ಅಂತ ಎಲ್ಲರೂ ಹೇಳ್ಕೊಂಡು ಓಡಾಡ್ತಿದ್ದಾರೆ. ಹೇಳ್ಲಿ, ಬಾಯಿಗೇನು ಟಿಕೆಟ್ ತಗೋಬೇಕಾ? ಆದ್ರೆ ನ್ಯಾಯವಾಗಿ ಯೋಚನೆ ಮಾಡಿ. ಓಡೋ ಬಸ್ಸಲ್ಲಿ ನಿಂತೂ ನಿಂತೂ ಚಪ್ಪಲಿ ಸವೆಸಿದವನು ನಾನು. ತಿರುವಲ್ಲಿ ಡ್ರೈವರ್ ಬಸ್ಸನ್ನ ಹೆಂಗೇ ಎಸೀಲಿ, ಒಂದು ಕೈಲಿ ಟಿಕೆಟ್ ಕಟ್ಟು, ಇನ್ನೊಂದು ಕೈಲಿ ಚಿಲ್ಲರೆ. ಯಾವತ್ತಾದ್ರೂ ಕಂಬಿ ಹಿಡಿದೆನಾ? ಹಿಡಿದಿಲ್ಲ. ಪ್ಯಾಸೆಂಜರ್ ಬಿದ್ದಿದ್ದಾರೆ, ಅವರ ತಲೆ ಮೇಲೆ ಅವರ ಗಂಟುಮೂಟೆ ಬಿದ್ದಿದೆ, ಒಂದ್ಸಲ ಬಸ್ಸೇ ಹೋಗಿ ಚರಂಡಿಗೆ ಬಿತ್ತು. ನಾನು ಬೀಳಲಿಲ್ಲ. ಈಗ ಹೇಳ್ತಾರೆ, ಬಚ್ಚಲು ಬಾಗಿಲಲ್ಲಿ ಬಿದ್ದೆ ಅಂತ. ಅಲ್ಲಾಡದೆ ಇರೋ ನೆಲದ ಮೇಲೆ ಮನುಷ್ಯ ಬೀಳೋದು ಹೆಂಗೆ? ಅಲ್ಲೊಂದು ಗುಂಡಿ ಇತ್ತು, ಕಪ್ಪಗೆ, ಬಾಯಿ ತಕ್ಕೊಂಡು. ಯಾರೋ ಅಗೆದು ಮುಚ್ಚದೆ ಹೋಗಿದ್ದಾರೆ. ನಾನು ದಾಟಿದೆ. ದಾಟಿದ ಮೇಲೆ ಸ್ವಲ್ಪ ಕೂತೆ. ಕೂತಿದ್ದನ್ನ ನೋಡಿ ಈ ಸೊಸೆ ಬಿದ್ದರು ಬಿದ್ದರು ಅಂತ ಕೂಗಿದಳು. ಕೂರೋದಕ್ಕೂ ಬೀಳೋದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಕೈಲಿ ಸಿಕ್ಕಿಹಾಕ್ಕೊಂಡಿದ್ದೀನಿ ಸ್ವಾಮಿ. ನಿಮ್ಮದು ಎಲ್ಲಿಗೆ?”

ಊದಿಕೊಂಡ ಮೊಣಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನೋಡಲು ಬಂದವರಿಗೆಲ್ಲ ಕಂಡಕ್ಟರು ಈ ಭಾಷಣ ಕೊಡುತ್ತಿದ್ದರು. ಕೊನೆಯಲ್ಲಿ “ನಿಮ್ಮದು ಎಲ್ಲಿಗೆ” ಎಂದು ಕೇಳುವುದನ್ನು ಮರೆಯುತ್ತಿರಲಿಲ್ಲ. ಉಳಿದದ್ದೆಲ್ಲ ಮರೆಯುತ್ತಿದ್ದರು. ಊಟ ಮಾಡಿದ್ದು ಮರೆಯುತ್ತಿದ್ದರು, ಹೆಂಡತಿ ತೀರಿಕೊಂಡದ್ದು ಮರೆಯುತ್ತಿದ್ದರು, ಎದುರಿಗೆ ನಿಂತ ಸೊಸೆಯನ್ನು ಒಮ್ಮೊಮ್ಮೆ ಪಾಸು ತೋರಿಸದೆ ಹತ್ತಿದ ಹುಡುಗಿ ಎಂದುಕೊಂಡು ಕಣ್ಣು ಕೆಂಪಗೆ ಮಾಡುತ್ತಿದ್ದರು. ಆದರೆ ಹಳೆಯ ಮಾರ್ಗದ ನಿಲ್ದಾಣಗಳನ್ನು ಹೇಳಿ ಎಂದರೆ ಸಾಕು, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಒಂದೂ ಬಿಡದೆ ಹೇಳುತ್ತಿದ್ದರು.

ಬಂದವರೆಲ್ಲ ತಂತಮ್ಮ ತೀರ್ಪು ಕೊಟ್ಟು ಹೋದರು. ಎದುರುಮನೆಯಾಕೆ, “ಅರವತ್ತಕ್ಕೆ ಅರಳುಮರಳು ಕಣೇ, ಇದಕ್ಕೆಲ್ಲ ಡಾಕ್ಟರು ಯಾಕೆ?” ಎಂದಳು. ಮಾವನಿಗೆ ಅರವತ್ತು ಕಳೆದು ಎಷ್ಟೋ ವರ್ಷವಾಗಿತ್ತು. ಮೇಲ್ಮನೆಯ ಮುದುಕರು ಚಪ್ಪಲಿಯ ತಪ್ಪು ಎಂದರು. ನಿದ್ದೆ ಸಾಲದು ಎಂದು ಮೊದಲೇ ನಿದ್ದೆ ಮಾತ್ರೆ ಕೊಟ್ಟಿದ್ದ ಔಷಧಿ ಅಂಗಡಿಯವನು ಈಗ ಬಿದ್ದಿದ್ದಕ್ಕೆ ನೋವಿನ ಮಾತ್ರೆಯನ್ನೂ ಕೊಟ್ಟು, ಎರಡೂ ಕಡೆಯಿಂದ ಪುಣ್ಯ ಕಟ್ಟಿಕೊಂಡ.

ಸೊಸೆ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಮೊಣಕೈ ನೋಡುವುದಕ್ಕೆ ಮುಂಚೆ ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿಸಿದರು. ಮಲಗಿಸಿ ರಕ್ತದೊತ್ತಡ ನೋಡಿದರು, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ನಿಂತ ಕೂಡಲೇ ಅದು ಕೆಳಗಿಳಿಯುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರು, ಈಗ ಯಾವ ತಿಂಗಳು ಎಂದು ಕೇಳಿದರು, ಗಡಿಯಾರದ ಚಿತ್ರ ಬರೆಯಿಸಿದರು. ಕಂಡಕ್ಟರು ಗಡಿಯಾರದೊಳಗೆ ಅಂಕಿಗಳ ಬದಲು ನಿಲ್ದಾಣಗಳನ್ನು ತುಂಬಿದರು.

“ಇದು ಬರೀ ವಯಸ್ಸಿನ ಮರೆವಲ್ಲಮ್ಮ, ಮಿದುಳಿನ ಕಾಯಿಲೆ. ಗುಣ ಆಗೋದಲ್ಲ. ಆದರೆ ಬೀಳೋದನ್ನ ಕಮ್ಮಿ ಮಾಡಬಹುದು. ನಿದ್ದೆ ಮಾತ್ರೆಯನ್ನ ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ. ಹಾಸಿಗೆಯಿಂದ ಏಳುವಾಗ ಮೊದಲು ಅಂಚಿನಲ್ಲಿ ಕೂತಿರಲಿ, ಆಮೇಲೆ ನಿಲ್ಲಲಿ. ಮುಖ್ಯವಾಗಿ ನಡೀತಾ ಇರಲಿ. ಕೂರಿಸಿಬಿಟ್ಟರೆ ಕಾಲು ಸೋಲುತ್ತೆ, ಸೋತ ಕಾಲು ಬೀಳುತ್ತೆ.”

ನಡೆಸುವವರು ಯಾರು? ಸೊಸೆಯ ಗಂಡ ಲಾರಿ ಓಡಿಸುವವನು. ಮನೆಗೆ ಬಂದರೆ ನೆಂಟ, ಬರದಿದ್ದರೆ ಗಂಡ. ಸೊಸೆ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಕೂರಿಸುವ ಮೆಷಿನ್ನಿಗೆ ಕೂರುತ್ತಿದ್ದಳು. ಆ ಮೆಷಿನ್ನು ಖಾಲಿಯಾದರೆ ಮರುದಿನವೇ ಇನ್ನೊಬ್ಬಳು ಬಂದು ಕೂರುವಳು. ಹಾಗೆಂದು ಮಾವನನ್ನು ಮನೆಯಲ್ಲಿ ಬಿಟ್ಟು ಬೀಗ ಹಾಕಿ ಹೋಗುವ ಮಾತೂ ಇರಲಿಲ್ಲ. ಒಮ್ಮೆ ಹಾಗೆ ಮಾಡಿ, ಸಂಜೆ ಬಂದಾಗ ಅವರು ಬಾಗಿಲನ್ನು ಒಳಗಿನಿಂದ ಬಡಿಯುತ್ತಾ “ಡ್ರೈವರೇ, ಬಾಗಿಲು ತೆಗೀರಿ, ಜನ ಇಳೀಬೇಕು” ಎಂದು ಗಂಟಲು ಬತ್ತಿಸಿಕೊಂಡಿದ್ದನ್ನು ಕಂಡಿದ್ದಳು. ಆಮೇಲೆ ಆ ಬೀಗವನ್ನು ಮುಟ್ಟಲಿಲ್ಲ.

ಹೀಗಿರುವಾಗ ಬಡಾವಣೆಯಲ್ಲಿ ಹಗಲುಮನೆ ತೆರೆಯಿತು. ಬೆಳಿಗ್ಗೆ ವಯಸ್ಸಾದವರನ್ನು ಬಿಟ್ಟು ಹೋಗಬಹುದು, ಸಂಜೆ ಕರೆದುಕೊಂಡು ಬರಬಹುದು. ಬಡಾವಣೆಯ ಜನರೇ ಸಮಿತಿ ಮಾಡಿಕೊಂಡು ನಡೆಸುವಂಥದ್ದು. ಅದರ ಅಧ್ಯಕ್ಷರು ಒಂದು ಕಾಲದಲ್ಲಿ ದೊಡ್ಡ ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಅವರಿದ್ದಷ್ಟು ಕಾಲ ಆ ಕಾರ್ಖಾನೆಯಲ್ಲಿ ಒಂದೇ ಒಂದು ಅಪಘಾತ ಆಗಿರಲಿಲ್ಲವಂತೆ. ಬೆರಳು ಹೋದವನೊಬ್ಬ ಅದೇ ಬಡಾವಣೆಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದ. ಅವನನ್ನು ಕೇಳಿದರೆ, “ಅದು ಅಪಘಾತ ಅಲ್ಲಮ್ಮ, ನನ್ನ ವೈಯಕ್ತಿಕ ವಿಚಾರ ಅಂತ ಬರೆದುಕೊಂಡ್ರು” ಎಂದು ನಗುತ್ತಿದ್ದ.

ಅಧ್ಯಕ್ಷರು ಬಂದ ಮೊದಲ ವಾರವೇ ಬಾಗಿಲ ಮೇಲೆ ಫಲಕ ಹಾಕಿಸಿದರು: ಇಲ್ಲಿ ಯಾರೂ ಬೀಳುವುದಿಲ್ಲ.

ಸೇರಿಸುವ ದಿನ ಅವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು. “ನಿಮ್ಮ ಮಾವ ಬೀಳೋರಾ?”

ಸೊಸೆಗೆ ಅರ್ಥವಾಯಿತು. ಹೆಣ್ಣು ನೋಡಲು ಬಂದವರು ಹುಡುಗಿಗೆ ಸಿಟ್ಟು ಜಾಸ್ತಿನಾ ಎಂದು ಕೇಳಿದರೆ ಏನು ಹೇಳಬೇಕೋ ಇದಕ್ಕೂ ಅದೇ. “ಅಯ್ಯೋ, ಇಲ್ಲಪ್ಪ” ಎಂದಳು. ಪಕ್ಕದಲ್ಲಿದ್ದ ಮಾವ, “ಬಸ್ಸೇ ಬಿದ್ದಾಗಲೂ ಬೀಳಲಿಲ್ಲ” ಎಂದು ಸಾಕ್ಷಿ ನುಡಿದರು.

ಹಗಲುಮನೆಯಲ್ಲಿ ಬೀಳದೆ ಇರುವುದಕ್ಕೆ ಅಧ್ಯಕ್ಷರು ಕಂಡುಕೊಂಡ ಉಪಾಯ ಸರಳವಾಗಿತ್ತು. ಯಾರೂ ಏಳಬಾರದು. ಗೋಡೆಯುದ್ದಕ್ಕೂ ಕುರ್ಚಿ, ಕುರ್ಚಿಗೊಬ್ಬರು. ನೀರು ಕುರ್ಚಿಗೇ ಬರುತ್ತದೆ, ಊಟ ಕುರ್ಚಿಗೇ ಬರುತ್ತದೆ, ಟೀವಿಯಂತೂ ಎಲ್ಲಿಂದಲೂ ಕಾಣುತ್ತದೆ. ಯಾರಾದರೂ ಕೈಯೂರಿ ಅರ್ಧ ಎದ್ದರೆ ನಾಲ್ಕು ಕಡೆಯಿಂದ “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂಬ ಪ್ರೀತಿ ಸುರಿಯುತ್ತಿತ್ತು. ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ಕುರ್ಚಿಯ ಬೆನ್ನು ಹಿಡಿದು ನಿಲ್ಲುವ, ಹಿಮ್ಮಡಿ ಎತ್ತುವ, ಕೂತು ಏಳುವ ವ್ಯಾಯಾಮ ಕಲಿಸಿ ಹೋಗಿದ್ದರು. “ಅದನ್ನ ಅವರು ಬಂದಾಗ ಮಾಡಿಸೋಣ, ಅವರಿಗೂ ಸಂತೋಷ ಆಗುತ್ತೆ” ಎಂದು ಅಧ್ಯಕ್ಷರು ತೀರ್ಮಾನಿಸಿದರು. ನರ್ಸಮ್ಮನ ಕೈಕೆಳಗೆ ಮೂರು ಬಡಾವಣೆ, ಬರುವುದು ಅಪರೂಪ.

ಎಲ್ಲರೂ ಕೂತರು, ಕಂಡಕ್ಟರು ಕೂರಲಿಲ್ಲ.

“ಕೂತ್ಕೊಳ್ಳಿ ಯಜಮಾನ್ರೇ.”

“ಕಂಡಕ್ಟರ್ ಕೂತ್ರೆ ಬಸ್ಸು ಯಾರು ನೋಡ್ತಾರೆ? ನೀವು ಮುಂದೆ ಹೋಗಿ. ಬಾಗಿಲಲ್ಲಿ ನಿಲ್ಲಬೇಡಿ.”

ಈ ಕುರ್ಚಿಯಿಂದ ಆ ಕುರ್ಚಿಗೆ ಹೋಗಿ ಒಬ್ಬೊಬ್ಬರನ್ನೂ ಎಲ್ಲಿಗೆ ಎಂದು ಕೇಳಿದರು. ಕೆಲವರು ತವರುಮನೆಗೆ ಎಂದರು, ಒಬ್ಬ ಅಜ್ಜಿ “ಎಲ್ಲಿಗಾದರೂ ಸರಿ, ಇಲ್ಲಿಂದ ಕರ್ಕೊಂಡು ಹೋಗಪ್ಪ” ಎಂದಳು. ಅಧ್ಯಕ್ಷರು ಬಾಗಿಲ ಮೇಲಿನ ಫಲಕದ ಕಡೆ ನೋಡಿದರು. ಮರುವಾರ ಒಂದು ಅಗಲವಾದ ಬೆಲ್ಟು ಬಂತು. ಸುರಕ್ಷಾಪಟ್ಟಿ ಎಂದು ಹೆಸರು. ಸೊಂಟಕ್ಕೆ ಸುತ್ತಿ ಕುರ್ಚಿಯ ಹಿಂದೆ ಬಿಗಿಯುವಂಥದ್ದು.

“ಬೆಲ್ಟು ಡ್ರೈವರಿಗೆ ಸ್ವಾಮಿ, ಕಂಡಕ್ಟರಿಗಲ್ಲ” ಎಂದು ಅವರು ನಿಯಮ ತಿಳಿಸಿ ಹೇಳಿದರು. ಕೇಳುವವರಿರಲಿಲ್ಲ.

ಸೊಸೆಗೆ ಬೆಲ್ಟಿನ ಸುದ್ದಿ ತಿಳಿಯಲಿಲ್ಲ, ಅವಳು ಹೋಗುವ ಹೊತ್ತಿಗೆ ಬಿಚ್ಚಿರುತ್ತಿದ್ದರು. ಅವಳಿಗೆ ಕಂಡದ್ದು ಬೇರೆ. ಬಡಾವಣೆಯನ್ನೆಲ್ಲ ಸುತ್ತಿ ಬರುತ್ತಿದ್ದ ಮಾವ ಈಗ ಹಾಸಿಗೆಯಿಂದ ಏಳಲು ಅವಳ ಭುಜ ಹುಡುಕುತ್ತಿದ್ದರು. ಹೆಜ್ಜೆ ಎತ್ತಿ ಇಡುತ್ತಿದ್ದವರು ಎಳೆದು ಇಡುತ್ತಿದ್ದರು. ಸಂಜೆಯಾದರೆ ಕಳವಳ ಹೆಚ್ಚು, ಡಿಪೋಗೆ ಹೋಗಬೇಕೆಂದು ಬಾಗಿಲಿಗೂ ಕಿಟಕಿಗೂ ತೂರಾಡುವರು. ಎರಡು ಸಲ ಮನೆಯಲ್ಲಿ ಬಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಗಾಯ ಕಾಣದಿರಲಿ ಎಂದು ತುಂಬುತೋಳಿನ ಅಂಗಿ ಹಾಕಿ ಹಗಲುಮನೆಗೆ ಬಿಟ್ಟುಬಂದಳು. ಬೀಳುವವರಿಗೆ ಅಲ್ಲಿ ಜಾಗವಿಲ್ಲವಲ್ಲ.

ಒಂದು ದಿನ ಮಧ್ಯಾಹ್ನ ಊಟದ ತಟ್ಟೆ ಎತ್ತುವ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ಯಾವುದೋ ಬಸ್ಸು ಹಾರನ್ ಹಾಕಿತು. ಕಂಡಕ್ಟರು “ಹೋಲ್ಡಾನ್” ಎಂದು ಎದ್ದರು. ಬೆಲ್ಟು ಬಿಡಲಿಲ್ಲ, ಕುರ್ಚಿಯೂ ಅವರ ಜೊತೆಗೇ ಎದ್ದಿತು. ಎರಡು ಹೆಜ್ಜೆ ಹೋಗಿ ಅವರೂ ಕುರ್ಚಿಯೂ ಮುಗ್ಗರಿಸಿ ಬಿದ್ದರು. ಕೈ ಚಾಚಲೂ ಆಗದೆ ಹುಬ್ಬಿನ ಮೇಲೆ ಚರ್ಮ ಸೀಳಿತು.

ಕಾರ್ಖಾನೆಗೆ ಸುದ್ದಿ ಬಂದು ಸೊಸೆ ಓಡಿ ಬಂದಾಗ ಮಾವ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಗೋಡೆಗೊರಗಿದ್ದರು. ಅವರ ಸುತ್ತ ಸಮಿತಿಯವರು ಕೂಡಿ ಚರ್ಚೆ ಮಾಡುತ್ತಿದ್ದರು. ಯಾವ ಆಸ್ಪತ್ರೆಗೆ ಎಂದಲ್ಲ. ಇದು ಬಿದ್ದ ಲೆಕ್ಕವೋ ಅಲ್ಲವೋ ಎಂದು.

“ನೋಡಮ್ಮ, ಗಾಬರಿ ಬೀಳಬೇಡ,” ಎಂದರು ಅಧ್ಯಕ್ಷರು. “ನಿಮ್ಮ ಮಾವ ಬೀಳಲಿಲ್ಲ. ಬಿದ್ದದ್ದು ಕುರ್ಚಿ ಮಾತ್ರ. ಅವರು ಅದಕ್ಕೆ ಅಂಟಿಕೊಂಡಿದ್ದರಿಂದ ಜೊತೆಗೆ ಹೋದರು. ಕಾರ್ಖಾನೆಯಲ್ಲಿ ನಾವು ಇದನ್ನ ಸಾಮಾನಿನ ದೋಷ ಅಂತಿದ್ವಿ.”

ಅವಳು ನೆಲದ ಮೇಲಿದ್ದ ಬೆಲ್ಟು ನೋಡಿದಳು. “ಇದೇನು?”

“ಸುರಕ್ಷಾಪಟ್ಟಿ.”

“ಕಟ್ಟಿ ಹಾಕಿದ್ರಾ?”

“ಕಟ್ಟಿ ಹಾಕೋದು ಅಂದ್ರೆ ಹಸುಗಳಿಗಮ್ಮ. ಇದು ಆಸರೆ.”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಒಬ್ಬರು ಬಿದ್ದರೆ ಇನ್ನೊಬ್ಬರು ಮೀಸೆ ಒರೆಸಿಕೊಳ್ಳುವುದನ್ನು ಇದೇ ಮೊದಲು ಕಂಡಳು. ಜಗಳಕ್ಕೆ ಹೊತ್ತಿರಲಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹೊಲಿಗೆ ಹಾಕಿಸಿದಳು. ವಾಂತಿ, ತೂಕಡಿಕೆ, ಮಾತು ತೊದಲುವುದು ಏನಾದರೂ ಕಂಡರೆ ಕೂಡಲೇ ಕರೆತನ್ನಿ ಎಂದರು ಆಸ್ಪತ್ರೆಯವರು. ಕೆಲಸಕ್ಕೆ ರಜೆ ಹಾಕಿ ನೋಡಿಕೊಂಡಳು. ಅಂಥದ್ದೇನೂ ಕಾಣಲಿಲ್ಲ. ಬಂದವರಿಗೆಲ್ಲ ಮಾವ, “ಬಿದ್ದದ್ದು ಕುರ್ಚಿ, ನಾನಲ್ಲ” ಎಂದು ಹೇಳತೊಡಗಿದರು. ಆ ಕಾಯಿಲೆಯಲ್ಲೂ ಒಂದು ಮಾತು ನೆನಪಿನಲ್ಲಿ ಉಳಿಯಿತಲ್ಲ, ಅದೂ ಅಧ್ಯಕ್ಷರದ್ದೇ ಮಾತು.

ನಾಲ್ಕು ದಿನ ಬಿಟ್ಟು ಹಗಲುಮನೆಯಿಂದ ಹೇಳಿ ಕಳಿಸಿದರು. ಭಾನುವಾರ ಎಲ್ಲ ಮನೆಯವರ ಸಭೆ. ಒಂದು ಪ್ರಶಸ್ತಿಗಾಗಿ ಹಗಲುಮನೆಯನ್ನು ಪರಿಶೀಲಿಸಲು ಜನ ಬರುತ್ತಿದ್ದಾರೆ, ಹೊಂದಿಕೊಳ್ಳದವರನ್ನು ಬಿಡಿಸುವ ವಿಚಾರವಿದೆ. ಹೊಂದಿಕೊಳ್ಳದವರು ಯಾರೆಂದು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕಿ ಆಗಲೇ, “ಸೋಮವಾರ ಬರ್ತೀಯೋ, ಬೇರೆಯವಳನ್ನ ಕೂರಿಸಲೋ?” ಎಂದು ಕೇಳಿದ್ದಳು. ಹಗಲುಮನೆ ಹೋದರೆ ಮೆಷಿನ್ನು ಹೋಯಿತು. ಮೆಷಿನ್ನು ಉಳಿಯಬೇಕಾದರೆ ಆ ಹಳೆಯ ಬೀಗ ಮತ್ತೆ ಕೈಗೆ ಬರಬೇಕು.

ಸಭೆಗೆ ಹೋಗುವಾಗ ಮಾವನನ್ನೂ ಕರೆದುಕೊಂಡು ಹೋದಳು. ಬಿಟ್ಟು ಹೋಗಲು ಬೇರೆ ಜಾಗವಿರಲಿಲ್ಲ. ಅಧ್ಯಕ್ಷರು ಹಣೆಯ ಮೇಲೊಂದು ಪಟ್ಟಿ ಅಂಟಿಸಿಕೊಂಡು ಬಂದಿದ್ದರು. ಬೀರುವಿನ ಬಾಗಿಲು ತಗುಲಿತಂತೆ. ಅವರು ಸುರಕ್ಷತೆಯ ಬಗ್ಗೆ ದೀರ್ಘವಾಗಿ ಮಾತಾಡಿ, ಕೊನೆಗೆ ಕಂಡಕ್ಟರ ಕಡೆ ನೋಡದೆ ಹೇಳಿದರು. “ಕೆಲವರಿಗೆ ಮನೆಯೇ ಕ್ಷೇಮ. ಇಲ್ಲಿಗೆ ಬರೋ ಉಳಿದವರು ಯಾರೂ ಈವರೆಗೆ ಬಿದ್ದವರಲ್ಲ. ಅವರ ಹಿತ ನೋಡಬೇಕಲ್ಲ?”

ಸೊಸೆ ಎದ್ದು ನಿಂತಳು. ಮನೆಯಿಂದ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಅಲ್ಲೇ ಕೈಬಿಟ್ಟಳು. ಉಳಿದದ್ದು ನಿಜ ಒಂದೇ.

“ನಮ್ಮ ಮಾವ ಬೀಳ್ತಾರೆ,” ಎಂದಳು. “ಸೇರಿಸೋಕೆ ಮುಂಚೆನೂ ಬಿದ್ದಿದ್ರು. ನಾನು ಸುಳ್ಳು ಹೇಳಿದೆ. ಇಲ್ಲಿಗೆ ಬರೋಕೆ ಶುರು ಮಾಡಿದ ಮೇಲೆ ಇನ್ನೂ ಜಾಸ್ತಿ ಬಿದ್ರು, ಮನೇಲಿ. ಕೂತೂ ಕೂತೂ ಕಾಲಲ್ಲಿ ಕಸುವೇ ಇಲ್ಲ. ಬಿದ್ದದ್ದನ್ನ ಮುಚ್ಚಿಟ್ಟೆ. ತೆಗೆದುಹಾಕಿದ್ರೆ ನನಗೆ ಬೇರೆ ದಾರಿ ಇಲ್ಲ ಅಂತ.”

ಹಿಂದಿನ ಸಾಲಿನಿಂದ ಹಾಲಿನ ಅಂಗಡಿಯವಳು ಗೊಣಗಿದಳು. “ನಮ್ಮತ್ತೆನೂ ಬಿದ್ರು. ಮಂಚದಿಂದ ಏಳುವಾಗ.”

“ಯಾವಾಗ?” ಎಂದರು ಅಧ್ಯಕ್ಷರು.

“ಯಾವಾಗ ಅಂದ್ರೆ, ನೀವು ಫಲಕ ಹಾಕಿದ ವಾರನೇ.”

“ನಮ್ಮಪ್ಪ ಬಚ್ಚಲಲ್ಲಿ,” ಎಂದ ಒಬ್ಬ ಮೇಷ್ಟ್ರು. “ಒಂದೇ ಸಲ ಅಲ್ಲ.”

“ನಮ್ಮಜ್ಜಿ ಸೊಂಟ ಉಳುಕಿಸಿಕೊಂಡಿದ್ದು ಕೆಮ್ಮಿ ಅಂತ ಹೇಳಿದ್ನಲ್ಲ ಸಾರ್, ಕೆಮ್ಮಲ್ಲ ಅದು.”

ಒಬ್ಬರು ಬಾಯಿ ಬಿಟ್ಟಿದ್ದೇ ತಡ, ಕಟ್ಟೆ ಒಡೆಯಿತು. ಅಷ್ಟು ದಿನ ಬಿದ್ದದ್ದನ್ನು ಮುಚ್ಚಿಟ್ಟವರು ಈಗ ಪೈಪೋಟಿಗೆ ಬಿದ್ದರು. ನಿಮ್ಮವರು ಮಂಚದಿಂದ ಬಿದ್ದರೆ ನಮ್ಮವರು ಮೆಟ್ಟಿಲಿಂದ, ನಿಮ್ಮವರಿಗೆ ಬಾವು ಬಂದರೆ ನಮ್ಮವರಿಗೆ ಮೂಳೆ ಬಿರುಕು. ಕೊನೆಗೆ ಯಾರ ಮನೆಯ ಹಿರಿಯರು ಬಿದ್ದಿಲ್ಲವೋ ಅವರು ನಾಚಿಕೆಯಿಂದ ತಲೆ ತಗ್ಗಿಸುವ ಹಾಗಾಯಿತು.

ಆಗ ಹೆಂಗಸರ ಸಾಲಿನಿಂದ ಅಧ್ಯಕ್ಷರ ಹೆಂಡತಿ ಮೆಲ್ಲಗೆ ಹೇಳಿದರು. “ಬೀರುವಿನ ಬಾಗಿಲು ಅಲ್ಲ. ಇವರು ಎದ್ದು ನಿಂತು, ಕಣ್ಣು ಕತ್ತಲೆ ಬಂದು, ಹಾಗೇ ಬಿದ್ರು. ಬೀರು ಪಾಪ, ತನ್ನ ಪಾಡಿಗೆ ನಿಂತಿತ್ತು.”

ಕಂಡಕ್ಟರು ಎದ್ದು ಹೋಗಿ ಅಧ್ಯಕ್ಷರ ಭುಜ ತಟ್ಟಿದರು. “ಕಂಬಿ ಹಿಡ್ಕೊಳ್ಳಿ ಸ್ವಾಮಿ. ಮುಂದೆ ತಿರುವು ಇದೆ.”

ನಕ್ಕರೆ ತಪ್ಪಾಗುತ್ತದೆ ಎಂದು ಎಲ್ಲರೂ ಕೆಮ್ಮಿದರು.

ಅಧ್ಯಕ್ಷರು ಸೋತವರ ಹಾಗೆ ಮಾತಾಡಲಿಲ್ಲ, ಅದು ಅವರ ಜಾಯಮಾನವಲ್ಲ. “ಈ ಅಂಶಗಳು ನನ್ನ ಗಮನದಲ್ಲಿ ಮೊದಲೇ ಇದ್ದವು” ಎಂದರು. ಆದರೆ ಯಾರನ್ನೂ ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಒಬ್ಬರನ್ನು ಬಿಡಿಸಿದರೆ ಎಲ್ಲರನ್ನೂ ಬಿಡಿಸಬೇಕಿತ್ತು, ಅಧ್ಯಕ್ಷರೂ ಸೇರಿದ ಹಾಗೆ. ಸೋಮವಾರ ಸೊಸೆ ಮೆಷಿನ್ನಿಗೆ ಹೋದಳು.

ಆ ವಾರ ಒಂದು ಸಂಜೆ, ಮನೆಯವರು ಹಿರಿಯರನ್ನು ಕರೆದೊಯ್ಯಲು ಬರುವ ಹೊತ್ತಿಗೆ, ನರ್ಸಮ್ಮ ಬಂದರು. ಯಾರು ಎಲ್ಲಿ ಬಿದ್ದರು, ಏನು ಮಾಡುವಾಗ ಬಿದ್ದರು ಎಂದು ಈಗ ಕೇಳಿದರೆ ಹೇಳುವುದಕ್ಕೆ ಎಲ್ಲರಿಗೂ ಬಾಯಿ ಬಂದಿತ್ತು. ಹೆಚ್ಚಿನವರು ಏಳುವಾಗ ಇಲ್ಲವೇ ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು. ನರ್ಸಮ್ಮ ಬೈಯಲೂ ಇಲ್ಲ, ಹೊಗಳಲೂ ಇಲ್ಲ. “ನಂದೂ ತಪ್ಪಿದೆ, ಕಲಿಸಿ ಹೋದೆ, ತಿರುಗಿ ನೋಡಲಿಲ್ಲ” ಎಂದು ಹೇಳಿ ಬಾಗಿಲಲ್ಲಿ ಹಾಸಿದ್ದ ಕಪ್ಪು ಕಾಲೊರೆಸನ್ನು ಎತ್ತಿಸಿದರು.

“ಇದ್ಯಾಕೆ?” ಎಂದಳು ಸೊಸೆ.

“ಈ ಕಾಯಿಲೆ ಇರೋರಿಗೆ ಕಪ್ಪು ಹಾಸು ಒಮ್ಮೊಮ್ಮೆ ಗುಂಡಿ ಥರ ಕಾಣುತ್ತಮ್ಮ. ದಾಟೋಕೆ ಹೋಗಿ ಬೀಳ್ತಾರೆ.”

ಸೊಸೆಯ ಮನೆಯ ಬಚ್ಚಲ ಬಾಗಿಲಲ್ಲೂ ಕಪ್ಪು ಕಾಲೊರೆಸು ಇತ್ತು. ಗುಂಡಿ ಇದೆ ಎಂದು ಮಾವ ಹೇಳಿದಾಗ ಅವಳು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕಿದ್ದಳು. ಅವರ ಕಣ್ಣಿಗೆ ನೆಲ ನಿಜವಾಗಿಯೇ ಬಾಯಿ ತೆರೆದಿತ್ತು. ಅವತ್ತೇ ಅದನ್ನು ಎತ್ತಿ ಎಸೆದಳು. ಲಾರಿಯಿಂದಿಳಿದು ಬಂದ ಗಂಡನ ಕೈಯಲ್ಲಿ ಬಚ್ಚಲ ಗೋಡೆಗೆ ಹಿಡಿಕೆ ಹೊಡೆಸಿದಳು. “ಬಂದವನನ್ನ ಕೂರಕ್ಕೂ ಬಿಡಲ್ಲ” ಎಂದು ಅವನು ಗೊಣಗಿದ. “ಕೂತ್ರೆ ಕಾಲು ಸೋಲುತ್ತಂತೆ” ಎಂದಳು.

ಹಗಲುಮನೆಯಲ್ಲಿ ಬೆಲ್ಟು ಹೋಯಿತು. ದಿನಕ್ಕೊಂದು ಮನೆಯವರು ಸರದಿಯಲ್ಲಿ ಬಂದು ಹಿರಿಯರನ್ನು ಅಂಗಳದಲ್ಲಿ ನಡೆಸುವುದೆಂದಾಯಿತು. ಸೊಸೆಯ ಸರದಿ ಭಾನುವಾರ. ಆದರೆ ಕೂತು ಅಭ್ಯಾಸವಾದವರನ್ನು ಎಬ್ಬಿಸುವುದು ಕೂರಿಸಿದಷ್ಟು ಸುಲಭವಲ್ಲ. ನರ್ಸಮ್ಮ ಬೇಡಿದರು, ಅಧ್ಯಕ್ಷರು ಆಜ್ಞೆ ಮಾಡಿದರು. ಕುರ್ಚಿಗಳು ಕದಲಲಿಲ್ಲ. ಕಂಡಕ್ಟರು ಒಂದು ಸಲ ಕೈತಟ್ಟಿ, “ಸ್ಟಾಪ್ ಬಂತು, ಇಳಿಯೋರು ಏಳಿ” ಎಂದರು ನೋಡಿ, ಅರ್ಧ ಸಾಲು ಎದ್ದು ನಿಂತಿತು. ಅಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ ಕಾಲುಗಳು ತಾವಾಗಿಯೇ ಎದ್ದವು. “ಹತ್ತಿ ಹತ್ತಿ, ಕೂತ್ಕೊಳ್ಳಿ” ಎಂದರೆ ಕೂತರು. ಮತ್ತೆ ಸ್ಟಾಪ್ ಬಂತು. ಹಳೆಯ ಮಾರ್ಗದ ನಿಲ್ದಾಣಗಳು ಮುಗಿಯುವವರೆಗೆ ಎಲ್ಲರೂ ಕೂತು ಎದ್ದರು, ಅಲ್ಲಲ್ಲಿ ಚಿಲ್ಲರೆಗೆ ಜಗಳವೂ ಆಯಿತು. ಕೊನೆಯ ಕುರ್ಚಿಯಲ್ಲಿ ಅಧ್ಯಕ್ಷರೂ ಇದ್ದರು. “ನಾನು ಪರಿಶೀಲನೆಗೆ ಕೂತಿದ್ದೇನೆ” ಎಂದು ಹೇಳಿ ಎಲ್ಲರಿಗಿಂತ ಹೆಚ್ಚು ಸಲ ಇಳಿದು ಹತ್ತಿದರು.

ಇಷ್ಟೆಲ್ಲ ಆದರೂ ಕಾಯಿಲೆ ತನ್ನ ದಾರಿಯನ್ನು ಬಿಡಲಿಲ್ಲ. ಕಂಡಕ್ಟರ ಕಾಲಿಗೆ ಕಸುವು ಬಂತು, ತಲೆಯಿಂದ ನಿಲ್ದಾಣಗಳು ಒಂದೊಂದಾಗಿ ಇಳಿದು ಹೋದವು. ಒಮ್ಮೆ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡರು. ಯಾರೂ ತಪ್ಪನ್ನು ಕುರ್ಚಿಯ ಮೇಲೆ ಹಾಕಲಿಲ್ಲ. ಗಡಿಬಿಡಿಯಲ್ಲಿ ಎಳೆದು ಎಬ್ಬಿಸಲಿಲ್ಲ. ಎಲ್ಲಿ ನೋವು ಎಂದು ಕೇಳಿ, ಕೈಕಾಲು ಆಡಿಸಿ ನೋಡಿ, ಮೊದಲು ಮಂಡಿಯೂರಿಸಿ ಆಮೇಲೆ ಎಬ್ಬಿಸಿದರು. ಸಂಜೆ ಸೊಸೆಗೆ ಇದ್ದದ್ದು ಇದ್ದ ಹಾಗೆ ಹೇಳಿದರು.

ಮನೆಗೆ ಬಂದು ಅವಳು ಬಕೆಟಿನಲ್ಲಿ ಉಗುರುಬೆಚ್ಚಗಿನ ನೀರು ತಂದು ಮಾವನ ಕಾಲುಗಳನ್ನು ಅದರಲ್ಲಿಟ್ಟಳು. ಉಗುರುಗಳು ಬೆಳೆದು ಬೂಟಿಗೆ ಒತ್ತುತ್ತಿದ್ದವು.

“ಎಲ್ಲಿಗೆ ಹೋಗಬೇಕಮ್ಮ ನೀನು?” ಎಂದರು ಅವರು.

“ಎಲ್ಲಿಗೂ ಇಲ್ಲ ಮಾವ. ಕಾಲು ಅಲ್ಲಾಡಿಸಬೇಡಿ.”

“ಎಲ್ಲಿಗೂ ಇಲ್ಲ ಅಂದ್ರೆ ಟಿಕೆಟ್ ಹೆಂಗೆ ಕೊಡ್ಲಿ?”

“ಆಮೇಲೆ ಕೊಡಿ.”

ಒಂದು ಕಾಲನ್ನು ಎತ್ತಿ ತೊಡೆಯ ಮೇಲಿನ ಟವೆಲಿಗೆ ಇಟ್ಟುಕೊಂಡು, ಬೆರಳ ಸಂದಿಗಳನ್ನೆಲ್ಲ ಒರೆಸಿ, ಹೆಬ್ಬೆರಳ ಉಗುರನ್ನು ನೇರವಾಗಿ ಕತ್ತರಿಸಿದಳು. ಆಮೇಲೆ ಅದರ ಪಕ್ಕದ್ದು.